ತುಪ್ಪದ ಜಿಲೇಬಿ: ಗರಿ ಬರುವುದು ಬಾಣಲೆಯಲ್ಲಿ, ಹೋಗುವುದು ಪಾಕದಲ್ಲಿ

ಪ್ರಶ್ನೆ: ಒಂದು ಲೋಟ ಮೈದಾಕ್ಕೆ ಮೊಸರು ಹಾಕಿ ಹುದುಗಿಸಿ ತುಪ್ಪದಲ್ಲೇ ಜಿಲೇಬಿ ಕರಿದೆ. ಉರಿ ಮೊದಲಿಂದ ಕೊನೆಯವರೆಗೆ ಮಧ್ಯಮದಲ್ಲೇ ಇತ್ತು. ಮೊದಲ ಸಲ ಬಿಟ್ಟವು ಬೇಗ ಕೆಂಪಾದವು, ಆಮೇಲಿನವು ಬಿಳಿಚಿಕೊಂಡು ಚಪ್ಪಟೆಯಾದವು. ತುಪ್ಪದಿಂದ ತೆಗೆದಾಗ ಎಲ್ಲವೂ ಗರಿಗರಿ ಅನ್ನಿಸಿತು. ಎರಡು ನಿಮಿಷ ಪಾಕದಲ್ಲಿಟ್ಟು ತೆಗೆದರೆ ಹತ್ತು ನಿಮಿಷದಲ್ಲಿ ಎಲ್ಲವೂ ಮೆತ್ತಗೆ. ಮಧ್ಯಮ ಉರಿ ಅಂದರೆ ನಿಜವಾಗಿ ಎಷ್ಟು? ಪಾಕದಲ್ಲಿ ಎಷ್ಟು ಹೊತ್ತು ಇಡಬೇಕು?

ಉತ್ತರ: ಎರಡಕ್ಕೂ ಅಂಕಿಯಲ್ಲೇ ಹೇಳುವುದಾದರೆ, ತುಪ್ಪ 155ರಿಂದ 165 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು, ಮತ್ತು ಸಾಧಾರಣ ದಪ್ಪದ ಜಿಲೇಬಿ ಬೆಚ್ಚಗಿನ ಪಾಕದಲ್ಲಿ 20ರಿಂದ 30 ಸೆಕೆಂಡು ಇದ್ದರೆ ಸಾಕು. ಎರಡು ನಿಮಿಷ ಅನ್ನುವುದು ಮೈದಾ ಜಿಲೇಬಿಗೆ ತೀರಾ ಹೆಚ್ಚು. ಉದ್ದಿನ ಹಿಟ್ಟಿನ ಜಹಾಂಗೀರಿಗಾದರೆ ನಡೆಯುತ್ತದೆ, ಅದರ ಮೈ ದಪ್ಪ, ರಸ ಹೀರಿ ಮೆತ್ತಗಾಗುವುದೇ ಅದರ ರುಚಿ. ಹಾಗಂತ ಎರಡು ನಿಮಿಷವನ್ನು ಅರ್ಧ ನಿಮಿಷಕ್ಕೆ ಇಳಿಸಿದ ಮಾತ್ರಕ್ಕೆ ನಿಮ್ಮ ಜಿಲೇಬಿ ಸರಿಹೋಗುವುದಿಲ್ಲ. ನಿಮ್ಮ ಎರಡನೇ ಸಲದ ಜಿಲೇಬಿಗಳು ಪಾಕಕ್ಕೆ ಬೀಳುವ ಮೊದಲೇ ಸೋತಿದ್ದವು.

ತುಪ್ಪದಿಂದ ತೆಗೆದ ತಕ್ಷಣ ಮುಟ್ಟಿ ನೋಡಿದರೆ ಯಾವ ಜಿಲೇಬಿಯೂ ಗರಿಗರಿಯೇ. ಹೊರಗಿನ ತೆಳು ಪದರ ಬಿಸಿಗೆ ಬಿಗಿದು ನಿಂತಿರುತ್ತದೆ, ಅಷ್ಟೇ. ಅದರ ಕೆಳಗಿನ ಗೋಡೆ ಒಣಗಿದೆಯೋ ಇಲ್ಲವೋ ಆಗ ಗೊತ್ತಾಗುವುದಿಲ್ಲ. ಒಳಗೆ ತೇವ ಉಳಿದಿದ್ದರೆ ಅದು ನಿಧಾನವಾಗಿ ಹೊರಪದರಕ್ಕೆ ಬಂದು ಸೇರುತ್ತದೆ. ಪಾಕವೇ ಇಲ್ಲದಿದ್ದರೂ ಇಂಥ ಜಿಲೇಬಿ ಹತ್ತು ನಿಮಿಷಕ್ಕೆ ಬಾಗುತ್ತದೆ. ನಂಬಿಕೆ ಬರದಿದ್ದರೆ ಮುಂದಿನ ಸಲ ಒಂದನ್ನು ಪಾಕಕ್ಕೆ ಹಾಕದೆ ತಟ್ಟೆಯ ಮೂಲೆಯಲ್ಲಿ ಬಿಟ್ಟುಬಿಡಿ. ಕಾಲು ಗಂಟೆ ಬಿಟ್ಟು ಮುರಿದಾಗ ಚಟ್ಟನೆ ಸದ್ದು ಬಂದರೆ ಕರಿದದ್ದು ಸರಿಯಾಗಿದೆ, ತಪ್ಪು ಪಾಕದ್ದು. ಮುರಿಯದೆ ಬಾಗಿದರೆ ತಪ್ಪು ತುಪ್ಪದಲ್ಲೇ ಆಗಿದೆ. ಇದೊಂದು ಪರೀಕ್ಷೆ ಮಾಡಿಕೊಳ್ಳದೆ ಪಾಕದ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತಾ ಕೂರುವುದು ದಂಡ.

ಈಗ ಮಧ್ಯಮ ಉರಿಯ ವಿಷಯ. ಉರಿ ಮಧ್ಯಮದಲ್ಲೇ ಇತ್ತು ಅಂತ ನೀವು ಬರೆದಿದ್ದೀರಿ, ಗೊಂದಲ ಶುರುವಾಗುವುದೇ ಅಲ್ಲಿ. ಮಧ್ಯಮವಾಗಿ ಇರಬೇಕಾದದ್ದು ತುಪ್ಪದ ಬಿಸಿ, ಒಲೆಯ ಗುಂಡಿ ಅಲ್ಲ. ಗುಂಡಿಯನ್ನು ಒಂದೇ ಕಡೆ ಬಿಟ್ಟರೆ ಖಾಲಿ ಬಾಣಲೆಯ ತುಪ್ಪ ಏರುತ್ತಲೇ ಹೋಗುತ್ತದೆ. ನೀವು ಹಿಟ್ಟು ತುಂಬಿಸಿಕೊಂಡು, ತೂತು ಸರಿಮಾಡಿಕೊಂಡು ಬರುವಷ್ಟರಲ್ಲಿ ಅದು 180 ದಾಟಿರುತ್ತದೆ. ಆಗ ಬಿಟ್ಟ ಜಿಲೇಬಿ ಒಂದು ನಿಮಿಷದೊಳಗೆ ಕೆಂಪಾಗುತ್ತದೆ. ಬಣ್ಣ ಬಂತು ಅಂತ ತೆಗೆಯುತ್ತೀರಿ, ಒಳಗೋಡೆ ಇನ್ನೂ ಹಸಿ. ಮುಂದಿನ ಸಲ ಒಂದೇ ಬಾರಿಗೆ ಏಳೆಂಟು ಸುತ್ತಿದರೆ ಹಿಟ್ಟಿನಲ್ಲಿರುವ ನೀರೆಲ್ಲ ಆವಿಯಾಗಲು ತುಪ್ಪದ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ತುಪ್ಪ ಸರ್ರನೆ 130ರ ಆಸುಪಾಸಿಗೆ ಇಳಿಯಬಹುದು. ಗುಂಡಿ ಅದೇ ಜಾಗದಲ್ಲಿರುವುದರಿಂದ ಅದು ಮತ್ತೆ ಮೇಲೇರಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಹಿಟ್ಟು ಹರಡಿ ಚಪ್ಪಟೆಯಾಗಿ, ತುಪ್ಪ ಕುಡಿದು, ಬಿಳಿಚಿಕೊಂಡು ಕೂತಿರುತ್ತದೆ. ನೀವು ಕಂಡ ಕೆಂಪು ಜಿಲೇಬಿ, ಬಿಳಿ ಜಿಲೇಬಿ ಎರಡೂ ಗುಂಡಿ ಮುಟ್ಟದೆ ಇದ್ದುದರ ಫಲ.

ಹಾಗಾಗಿ ಕೈ ಗುಂಡಿಯ ಮೇಲೆ ಇರಬೇಕು. ಹಿಟ್ಟು ಬಿಡುವ ಮೊದಲು ಉರಿ ಸಣ್ಣದು. ಸುರುಳಿಗಳನ್ನೆಲ್ಲ ಸುತ್ತಿ ಮುಗಿಸಿದ ಕೂಡಲೇ ಉರಿ ಮಧ್ಯಮಕ್ಕಿಂತ ಒಂಚೂರು ಮೇಲೆ. ಗುಳ್ಳೆಗಳು ಚೇತರಿಸಿಕೊಂಡು ಒಂದೇ ಸಮನೆ ಏಳತೊಡಗಿದಾಗ ಮಧ್ಯಮಕ್ಕೆ. ಜಿಲೇಬಿ ತೆಗೆಯುವ ಹೊತ್ತಿಗೆ ಮತ್ತೆ ಸಣ್ಣದು. ಪ್ರತಿ ಸಲಕ್ಕೂ ಇದೇ ಏರಿಳಿತ. ಅಡುಗೆ ಥರ್ಮಾಮೀಟರ್ ಇದ್ದರೆ ಬಿಡುವಾಗ 160, ಬಿಟ್ಟಮೇಲೆ 145ಕ್ಕಿಂತ ಕೆಳಗೆ ಹೋಗಬಾರದು, ಕೊನೆಯ ಅರ್ಧ ನಿಮಿಷ 165ರ ಸುತ್ತಮುತ್ತ ಅಂತ ಇಟ್ಟುಕೊಳ್ಳಿ. ಅದರ ತುದಿ ತುಪ್ಪದಲ್ಲಿ ಮುಳುಗಿರಲಿ, ಪಾತ್ರೆಯ ತಳಕ್ಕೆ ತಾಗದಿರಲಿ. ತಾಗಿದರೆ ಅದು ತೋರಿಸುವುದು ಲೋಹದ ಬಿಸಿ.

ಥರ್ಮಾಮೀಟರ್ ಇಲ್ಲದವರಿಗೆ ಹಿಟ್ಟಿನ ತೊಟ್ಟೇ ಸಾಕು. ಒಂದು ತೊಟ್ಟು ತುಪ್ಪಕ್ಕೆ ಬಿಡಿ. ಅದು ತಳ ಮುಟ್ಟಿ, ಒಂದು ಎರಡು ಎಂದು ಎಣಿಸುವಷ್ಟರಲ್ಲಿ ಸುತ್ತ ಸಣ್ಣ ಗುಳ್ಳೆ ಕಟ್ಟಿಕೊಂಡು ಮೇಲೆ ಬಂದರೆ ತುಪ್ಪ ಹದಕ್ಕೆ ಬಂದಿದೆ. ತಳ ಮುಟ್ಟದೆ ಮೇಲೆಯೇ ಚಿಮ್ಮಿ ಓಡಾಡತೊಡಗಿದರೆ ಬಿಸಿ ಹೆಚ್ಚಾಯಿತು. ಅಂಥ ತುಪ್ಪದಲ್ಲಿ ಸುರುಳಿ ಸುತ್ತುವುದಕ್ಕೇ ಆಗುವುದಿಲ್ಲ. ಮೊದಲ ಸುತ್ತು ಉಬ್ಬಿ ತೇಲಿ ಪಕ್ಕಕ್ಕೆ ಸರಿದುಬಿಡುತ್ತದೆ, ಎರಡನೇ ಸುತ್ತು ಅದಕ್ಕೆ ಅಂಟಿಕೊಳ್ಳುವುದೇ ಇಲ್ಲ. ತೊಟ್ಟು ತಳದಲ್ಲೇ ಸುಮ್ಮನೆ ಕೂತು, ಕೆದಕಿದರೆ ಮಾತ್ರ ಎದ್ದರೆ ಬಿಸಿ ಸಾಲದು. ಎಷ್ಟೋ ಮನೆಗಳಲ್ಲಿ ಸುರುಳಿಯ ಆಕಾರ ಕೆಡುವುದಕ್ಕೆ ಕೈಯನ್ನು ದೂರುತ್ತಾರೆ, ನನ್ನ ಪ್ರಕಾರ ಹೆಚ್ಚಿನ ಸಲ ಕೆಡಿಸಿದ್ದು ತುಪ್ಪದ ಬಿಸಿಯೇ.

ಪಾತ್ರೆಯ ಬಗ್ಗೆ ನೀವು ಏನೂ ಬರೆದಿಲ್ಲ. ಗುಂಡುತಳದ ಬಾಣಲೆ ಬಳಸಿದ್ದರೆ ಅದನ್ನು ಪಕ್ಕಕ್ಕಿಡಿ. ಅದರಲ್ಲಿ ಸುರುಳಿಗಳು ನಡುವಿಗೆ ಜಾರಿ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ, ತುಪ್ಪವೂ ನಡುವೆ ಆಳ, ಅಂಚಿನಲ್ಲಿ ತೆಳು. ಜಿಲೇಬಿಗೆ ಸಪಾಟು ತಳ, ದಪ್ಪ ಲೋಹ, ಗಿಡ್ಡ ಅಂಚು ಇರುವ ಪಾತ್ರೆ ಬೇಕು. 20 ಸೆಂಟಿಮೀಟರ್ ಅಗಲದ ಪಾತ್ರೆಗೆ ಅರ್ಧ ಕೆಜಿ ತುಪ್ಪ ಹಾಕಿದರೆ ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ಆಳ ಬರುತ್ತದೆ. ಅಷ್ಟು ಸಾಕು. ಜಿಲೇಬಿ ಮುಳುಗಬೇಕಿಲ್ಲ, ತೇಲಿದರಾಯಿತು. ತುಪ್ಪ ದುಬಾರಿ ಅಂತ ಒಂದು ಸೆಂಟಿಮೀಟರಿಗೆ ಇಳಿಸಲು ಹೋಗಬೇಡಿ. ತುಪ್ಪ ಕಡಿಮೆಯಾದಷ್ಟೂ ಹಿಟ್ಟು ಬಿದ್ದಾಗ ಬಿಸಿ ಹೆಚ್ಚು ಇಳಿಯುತ್ತದೆ. ತುಪ್ಪ ಉಳಿಸಬೇಕಿದ್ದರೆ ಇನ್ನೂ ಸಣ್ಣ ಪಾತ್ರೆ ತೆಗೆದುಕೊಂಡು ಸಲಕ್ಕೆ ಎರಡೇ ಬಿಡಿ. 20 ಸೆಂಟಿಮೀಟರ್ ಪಾತ್ರೆಯಲ್ಲೂ ಅಂಗೈ ಅಗಲದ ಜಿಲೇಬಿ ಮೂರಕ್ಕಿಂತ ಹೆಚ್ಚು ಬೇಡ.

ತುಪ್ಪಕ್ಕೇ ವಿಶೇಷವಾದ ಎರಡು ಮಾತಿವೆ, ಎಣ್ಣೆಯಲ್ಲಿ ಕರಿಯುವವರಿಗೆ ಇವು ಅಷ್ಟಾಗಿ ತಟ್ಟುವುದಿಲ್ಲ. ಒಂದು, ತುಪ್ಪದ ಚರಟ. ಮನೆಯಲ್ಲಿ ಬೆಣ್ಣೆ ಕಾಯಿಸಿದ ತುಪ್ಪದ ತಳದಲ್ಲಿ ಹಾಲಿನ ಅಂಶ ಕಂದಾಗಿ ಕೂತಿರುತ್ತದಲ್ಲ, ಅದು ಸ್ವಲ್ಪವೇ ಸೇರಿದ್ದರೂ ಕರಿಯುವ ಬಿಸಿಯಲ್ಲಿ ಕಪ್ಪಾಗುತ್ತಾ ಹೋಗಿ ತುಪ್ಪದ ಬಣ್ಣ ಕೆಡಿಸಿ, ಜಿಲೇಬಿಗೆ ಚುಕ್ಕೆಯಾಗಿ ಅಂಟಿ ಕಹಿ ಕೊಡುತ್ತದೆ. ಶುದ್ಧವಾಗಿ ಸೋಸಿದ ತುಪ್ಪ ಹೊಗೆ ಬಿಡುವುದು ಇದಕ್ಕಿಂತ ತುಂಬಾ ಮೇಲಿನ ಬಿಸಿಯಲ್ಲಿ. ಆದ್ದರಿಂದ 160ರಲ್ಲಿ ತುಪ್ಪ ಕಪ್ಪಾಗುತ್ತಿದೆ ಅಂದರೆ ಕಪ್ಪಾಗುತ್ತಿರುವುದು ಚರಟ, ಇಲ್ಲವೇ ಉದುರಿದ ಹಿಟ್ಟಿನ ಚೂರು. ತುಪ್ಪ ಬೆಚ್ಚಗಿರುವಾಗಲೇ ಮಲ್ ಬಟ್ಟೆಯಲ್ಲಿ ಸೋಸಿ ಶುರುಮಾಡಿ, ಎರಡು ಸಲ ಕರಿದಮೇಲೆ ಸಣ್ಣ ಜಾಲರಿಯಲ್ಲಿ ಚೂರುಗಳನ್ನು ಎತ್ತಿಬಿಡಿ. ಸರಿಯಾಗಿ ಕಾಯದೆ ನೀರಿನ ಪಸೆ ಉಳಿದ ತುಪ್ಪವಾದರೆ ಬಿಸಿಯಾಗುವಾಗ ಚಟಪಟ ಸಿಡಿಯುತ್ತದೆ, ನೊರೆ ಬರುತ್ತದೆ. ಆ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ, ಆಮೇಲೆ ಹಿಟ್ಟು ಬಿಡಿ. ಎರಡನೇ ಮಾತು, ತುಪ್ಪ ತಣ್ಣಗಾದರೆ ಗಟ್ಟಿಯಾಗುತ್ತದೆ ಅನ್ನುವುದು. ಅದರ ಪರಿಣಾಮ ಕಾಣುವುದು ಪಾಕದಲ್ಲಿ, ಅಲ್ಲಿಗೆ ಬಂದಾಗ ಹೇಳುತ್ತೇನೆ.

ಜಿಲೇಬಿ ಆಯಿತು ಅಂತ ತಿಳಿಯುವುದು ಹೇಗೆ? ಬಣ್ಣ ನೋಡಿ ಅನ್ನುತ್ತಾರೆ. ಬಣ್ಣವನ್ನು ನಾನು ಕೊನೆಯ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಹಿಟ್ಟಿಗೆ ಕೇಸರಿಯೋ ಅರಿಸಿನವೋ ಹಾಕಿದ್ದರೆ ಅದು ಮೊದಲೇ ಹಳದಿ. ತುಪ್ಪ ಸ್ವಲ್ಪ ಹಳೆಯದಾದರೆ ಎಲ್ಲವೂ ಕಂದು. ನಂಬಬಹುದಾದದ್ದು ಗುಳ್ಳೆ. ಸುರುಳಿ ಬಿಟ್ಟ ಮೊದಲ ನಿಮಿಷ ಅದರ ಎರಡೂ ಪಕ್ಕದಿಂದ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಸುರುಳಿಯನ್ನೇ ಮುಚ್ಚಿಬಿಡುತ್ತವೆ, ಸದ್ದು ಜೋರಾಗಿರುತ್ತದೆ. ಅದು ಹಿಟ್ಟಿನ ನೀರು ಆವಿಯಾಗಿ ಹೊರಬರುವ ಸದ್ದು. ನೀರು ಕಡಿಮೆಯಾದಂತೆ ಗುಳ್ಳೆ ಸಣ್ಣದಾಗುತ್ತದೆ, ಸುರುಳಿಯ ಮೈ ಸ್ಪಷ್ಟವಾಗಿ ಕಾಣತೊಡಗುತ್ತದೆ, ಸದ್ದು ಸಣ್ಣ ಸುಯ್ ಅನ್ನುವ ಮಟ್ಟಕ್ಕೆ ಇಳಿಯುತ್ತದೆ. ಕೊನೆಗೆ ಅಂಚಿನಲ್ಲಿ ಸಾಸಿವೆ ಗಾತ್ರದ ಗುಳ್ಳೆ ಅಲ್ಲೊಂದು ಇಲ್ಲೊಂದು ಏಳುತ್ತಿರುತ್ತದೆ. ತೆಗೆಯಬೇಕಾದದ್ದು ಆಗ. ನಾಲ್ಕು ಮಿಲಿಮೀಟರ್ ದಪ್ಪದ ಎಳೆಗೆ ಮೊದಲ ಮಗ್ಗುಲು ಒಂದೂವರೆಯಿಂದ ಎರಡು ನಿಮಿಷ, ತಿರುವಿದ ಮೇಲೆ ಒಂದು ನಿಮಿಷ ಅಥವಾ ಸ್ವಲ್ಪ ಹೆಚ್ಚು, ಒಟ್ಟು ಮೂರು ನಿಮಿಷದ ಹತ್ತಿರ ಬರುತ್ತದೆ. ಒಂದೇ ಸಲ ತಿರುವಿ. ಮತ್ತೆ ಮತ್ತೆ ತಿರುವಿದರೆ ಸುತ್ತುಗಳ ನಡುವಿನ ಅಂಟು ಬಿಟ್ಟುಕೊಳ್ಳುತ್ತದೆ. ಜಾಲರಿ ಸೌಟಿನಲ್ಲಿ ಎತ್ತಿ ಕಡ್ಡಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರಬೇಕು, ಕೈಗೆ ಹಗುರ ಅನ್ನಿಸಬೇಕು. ಇನ್ನೂ ಭಾರವಿದ್ದರೆ ಬಣ್ಣ ಬಂದಿದ್ದರೂ ಉರಿ ಸ್ವಲ್ಪ ತಗ್ಗಿಸಿ ಅರ್ಧ ನಿಮಿಷ ಬಿಡಿ.

ಟೊಳ್ಳು ಸದ್ದು ಅಂದೆ. ಜಿಲೇಬಿಯ ಎಳೆ ಒಳಗೆ ನಿಜಕ್ಕೂ ಟೊಳ್ಳಾಗಿರಬೇಕು, ಅಂದರೆ ಒಂದು ಸಣ್ಣ ಕೊಳವೆ. ಹುದುಗಿದ ಹಿಟ್ಟಿನಲ್ಲಿರುವ ಗಾಳಿಗುಳ್ಳೆಗಳೂ ಆವಿಯೂ ಒಟ್ಟಿಗೆ ಹಿಗ್ಗಿ ಹಿಟ್ಟನ್ನು ಹೊರಕ್ಕೆ ತಳ್ಳುತ್ತವೆ, ಹೊರಮೈ ಬಿಸಿಗೆ ಗಟ್ಟಿಯಾಗಿ ಆಕಾರ ಹಿಡಿಯುತ್ತದೆ, ನಡುವೆ ಖಾಲಿ ಜಾಗ ಉಳಿಯುತ್ತದೆ. ರಸ ತುಂಬಿಕೊಳ್ಳುವುದು ಈ ಖಾಲಿ ಜಾಗದಲ್ಲಿ. ಹಿಟ್ಟು ಸರಿಯಿಲ್ಲದಿದ್ದರೆ ಕೊಳವೆ ಆಗುವುದಿಲ್ಲ, ಉರಿ ಎಷ್ಟೇ ಸರಿಯಿರಲಿ. ಒಂದು ಲೋಟ ಅಂದರೆ ಸುಮಾರು 125 ಗ್ರಾಂ ಮೈದಾಕ್ಕೆ ಒಂದು ದೊಡ್ಡ ಚಮಚ ಅಕ್ಕಿಹಿಟ್ಟೋ ಕಡಲೆಹಿಟ್ಟೋ ಸೇರಿಸಿ, ಮೈದಾದ ಜಿಗುಟು ಸ್ವಲ್ಪ ತಗ್ಗಿ ಗೋಡೆ ಗರಿಯಾಗುತ್ತದೆ. ಎರಡು ಚಮಚ ಹುಳಿಮೊಸರು, ಮುಕ್ಕಾಲು ಲೋಟದ ಹತ್ತಿರ ನೀರು. ನೀರನ್ನು ಒಮ್ಮೆಗೇ ಸುರಿಯಬೇಡಿ, ಮೈದಾ ಒಂದೊಂದು ಥರ ಹೀರುತ್ತದೆ. ಚಮಚದಿಂದ ಎತ್ತಿ ಬಿಟ್ಟರೆ ಹಿಟ್ಟು ಕಡಿಯದೆ ಪಟ್ಟಿಯಂತೆ ಇಳಿದು, ಬಿದ್ದ ಗೆರೆ ಮೂರು ನಾಲ್ಕು ಸೆಕೆಂಡು ಮೇಲೆಯೇ ಕಂಡು ಆಮೇಲೆ ಕರಗಬೇಕು. ದೋಸೆಹಿಟ್ಟಿಗಿಂತ ಗಟ್ಟಿ, ಬಜ್ಜಿಹಿಟ್ಟಿಗಿಂತ ಒಂಚೂರು ತೆಳು. ಹುದುಗಿದಮೇಲೆ ಇದು ಇನ್ನೂ ಸಡಿಲವಾಗುತ್ತದೆ, ಆದ್ದರಿಂದ ಹದ ನೋಡಬೇಕಾದದ್ದು ಕರಿಯುವ ಮುಂಚೆ. ಹೆಚ್ಚು ಹುಳಿಬಂದು ನೀರುನೀರಾಗಿದ್ದರೆ ಒಂದೆರಡು ಚಮಚ ಮೈದಾ ಸೇರಿಸಿ ಕಲಸಿ ಹತ್ತು ನಿಮಿಷ ಬಿಟ್ಟು ಬಳಸಿ. ನಿಮ್ಮ ಎರಡನೇ ಸಲದವು ಚಪ್ಪಟೆಯಾಗಿದ್ದರಲ್ಲಿ ಇದರ ಪಾಲೂ ಇರಬಹುದು, ಆದರೆ ಮೊದಲ ಸಲದವು ಉಬ್ಬಿದ್ದರಿಂದ ಮುಖ್ಯ ತಪ್ಪು ಬಿಸಿಯದೇ ಅಂತ ನನ್ನ ಲೆಕ್ಕ.

ಇನ್ನು ಪಾಕ. ಕರಿದ ಜಿಲೇಬಿಯ ಕೊಳವೆಯೊಳಗೆ ಬಿಸಿ ಆವಿ ತುಂಬಿರುತ್ತದೆ. ಅದನ್ನು ತುಪ್ಪಕ್ಕಿಂತ ಎಷ್ಟೋ ತಂಪಾದ ಪಾಕಕ್ಕೆ ಹಾಕಿದಾಗ ಆವಿ ತಟ್ಟನೆ ನೀರಾಗಿ ಕುಗ್ಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಗೋಡೆಯ ಸಣ್ಣ ರಂಧ್ರಗಳ ಮೂಲಕ ರಸ ಒಳಕ್ಕೆ ಎಳೆದುಕೊಳ್ಳುತ್ತದೆ. ಈ ಎಳೆತ ನಡೆಯುವುದು ಮೊದಲ ಕೆಲವು ಸೆಕೆಂಡುಗಳಲ್ಲಿ. ಅರ್ಧ ನಿಮಿಷದೊಳಗೆ ಕೊಳವೆ ತುಂಬಿಕೊಂಡಿರುತ್ತದೆ. ಅದರ ನಂತರ ಜಿಲೇಬಿ ಪಾಕದಲ್ಲಿ ಕೂತಷ್ಟು ಹೊತ್ತೂ ಆಗುವುದು ಬೇರೆ ಕೆಲಸ. ರಸದಲ್ಲಿರುವ ನೀರು ಒಣಗಿದ ಗೋಡೆಗೆ ಇಳಿದು ಅದನ್ನು ನೆನೆಸುತ್ತದೆ. ಎರಡು ನಿಮಿಷ ಇಟ್ಟಾಗ ನೀವು ರಸ ತುಂಬಿಸಿದ್ದು ಮೊದಲ ಕಾಲು ಭಾಗದ ಹೊತ್ತಿನಲ್ಲಿ, ಉಳಿದ ಮುಕ್ಕಾಲು ಭಾಗ ಗೋಡೆ ನೆನೆಸಿದ್ದಷ್ಟೇ.

ಇದು ಗೊತ್ತಾದರೆ ಪಾಕದ ಹದ ಮತ್ತು ಬಿಸಿ ಯಾಕೆ ಹೀಗೇ ಇರಬೇಕು ಅನ್ನುವುದೂ ತಿಳಿಯುತ್ತದೆ. ಹದ ಒಂದೆಳೆ. ಎರಡು ಲೋಟ ಸಕ್ಕರೆಗೆ ಒಂದು ಲೋಟ ನೀರು, ಕುದಿ ಬಂದಮೇಲೆ ಐದಾರು ನಿಮಿಷ ಬಿಟ್ಟು ಒಂದು ತೊಟ್ಟನ್ನು ತಟ್ಟೆಗೆ ಹಾಕಿ ಆರಿದಮೇಲೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ನಿಂತು ಕಡಿಯಬೇಕು. ಥರ್ಮಾಮೀಟರಿನಲ್ಲಿ ಅದು 105 ಡಿಗ್ರಿ ಆಸುಪಾಸು. ಎಳೆ ಬರುವ ಮೊದಲೇ ಇಳಿಸಿದ ತೆಳುಪಾಕದಲ್ಲಿ ನೀರು ಹೆಚ್ಚು, ಅದು ಹತ್ತೇ ಸೆಕೆಂಡಿಗೆ ಗೋಡೆಯನ್ನು ನೆನೆಸಿಬಿಡುತ್ತದೆ. ಎರಡೆಳೆ ದಾಟಿದರೆ ರಸ ಒಳಗೆ ಹೋಗುವಷ್ಟು ಸಡಿಲ ಇರುವುದಿಲ್ಲ, ಮೇಲೆಯೇ ನಿಂತು ಆರಿದಮೇಲೆ ಬಿಳಿ ಪುಡಿಯಂತೆ ಕಟ್ಟುತ್ತದೆ. ಸಕ್ಕರೆ ಮತ್ತೆ ಹರಳುಗಟ್ಟದಿರಲು ಕುದಿಯುವಾಗ ಒಂದು ಸಣ್ಣ ಚಮಚ ನಿಂಬೆರಸ ಹಾಕಿ. ಹುಳಿ ಸಕ್ಕರೆಯ ಸ್ವಲ್ಪ ಭಾಗವನ್ನು ಒಡೆದು, ಹರಳು ಕಟ್ಟಲು ಬಿಡುವುದಿಲ್ಲ. ಏಲಕ್ಕಿ, ಕೇಸರಿ ನಿಮ್ಮ ಇಷ್ಟ.

ಪಾಕದ ಬಿಸಿ 55ರಿಂದ 65 ಡಿಗ್ರಿ ಇರಲಿ. ಪಾತ್ರೆಯ ಹೊರಮೈ ಮುಟ್ಟಿದರೆ ಒಂದೆರಡು ಸೆಕೆಂಡಿಗೇ ಕೈ ಹಿಂದಕ್ಕೆ ಬರಬೇಕು, ಆದರೆ ಪಾಕದಲ್ಲಿ ಕುದಿಯ ಸುಳಿವೂ ಇರಬಾರದು. ಕುದಿಯುವ ಪಾಕಕ್ಕೆ ಹಾಕಿದರೆ ಜಿಲೇಬಿ ಸಾಕಷ್ಟು ತಣ್ಣಗಾಗುವುದಿಲ್ಲ, ಒಳಗಿನ ಆವಿ ಕುಗ್ಗುವುದಿಲ್ಲ, ಎಳೆತ ಕಡಿಮೆ. ಅದರ ಜತೆಗೆ ಬಿಸಿಪಾಕ ನೀರಿನಷ್ಟೇ ಸಲೀಸಾಗಿ ಗೋಡೆಗೆ ಇಳಿಯುತ್ತದೆ. ತಣ್ಣನೆಯ ಪಾಕ ದಪ್ಪವಾಗಿ ಮೇಲೆ ಮೆತ್ತಿಕೊಳ್ಳುತ್ತದೆ, ಕಚ್ಚಿದರೆ ಹೊರಗೆ ಅಂಟು, ಒಳಗೆ ಸಪ್ಪೆ. ತಣ್ಣನೆಯ ಪಾಕಕ್ಕೆ ಹಾಕಿದವರು ರಸ ಹಿಡಿಯಲಿಲ್ಲ ಅಂತ ಇನ್ನಷ್ಟು ಹೊತ್ತು ಬಿಡುತ್ತಾರೆ, ಆಗ ಗೋಡೆ ನೆನೆಯುತ್ತದೆಯೇ ಹೊರತು ಕೊಳವೆ ತುಂಬುವುದಿಲ್ಲ. ಪಾಕದ ಪಾತ್ರೆಯನ್ನು ಬಿಸಿನೀರಿನ ಅಗಲ ಪಾತ್ರೆಯೊಳಗೆ ಕೂರಿಸಿಟ್ಟರೆ ಕೊನೆಯವರೆಗೂ ಒಂದೇ ಬಿಸಿ ಇರುತ್ತದೆ.

ತುಪ್ಪ ಗಟ್ಟಿಯಾಗುವ ಮಾತಿಗೆ ಈಗ ಬರೋಣ. ತುಪ್ಪದಿಂದ ಎತ್ತಿದ ಜಿಲೇಬಿಯನ್ನು ಜಾಲರಿಯಲ್ಲೇ ಓರೆಯಾಗಿ ಹಿಡಿದು ಐದು ಸೆಕೆಂಡು ಸೋರಬಿಡಿ, ಆಮೇಲೆ ನೇರವಾಗಿ ಪಾಕಕ್ಕೆ. ಕಾಗದದ ಮೇಲೆ ಹರವಿ ಆಮೇಲೆ ಹಾಕೋಣ ಅಂದುಕೊಂಡರೆ ಅಷ್ಟರಲ್ಲಿ ಒಳಗಿನ ಆವಿ ತಾನಾಗಿ ಆರಿ ಗಾಳಿ ತುಂಬಿಕೊಳ್ಳುತ್ತದೆ, ರಸ ಎಳೆಯುವ ಬಲ ಹೋಗುತ್ತದೆ. ಮೈಗಂಟಿದ ತುಪ್ಪವೂ ತಣ್ಣಗಾಗಿ ಗಟ್ಟಿಯಾಗುತ್ತಾ ರಂಧ್ರಗಳನ್ನು ಮುಚ್ಚುತ್ತದೆ. ಸೋರಿಸದೆ ಹಾಗೇ ಹಾಕಿದರೆ ಇನ್ನೊಂದು ತೊಂದರೆ. ಎರಡು ಮೂರು ಸಲ ಆಗುವಷ್ಟರಲ್ಲಿ ಪಾಕದ ಮೇಲೆ ತುಪ್ಪದ ಪದರ ತೇಲತೊಡಗುತ್ತದೆ. ಮುಂದೆ ಬೀಳುವ ಪ್ರತಿ ಜಿಲೇಬಿಗೂ ಮೊದಲು ಆ ಪದರವೇ ಮೆತ್ತಿಕೊಂಡು ರಸ ಒಳಗೆ ಹೋಗದಂತೆ ತಡೆಯುತ್ತದೆ. ಒಂದೇ ಅಳತೆ, ಒಂದೇ ಹೊತ್ತು ಇಟ್ಟರೂ ಕೊನೆಯ ಜಿಲೇಬಿಗಳು ಯಾಕೆ ಸಪ್ಪೆ ಅಂತ ತಲೆ ಕೆರೆದುಕೊಳ್ಳುವವರು ಪಾಕದ ಮೇಲೆ ಹೊಳೆಯುವ ಹಳದಿ ವೃತ್ತಗಳನ್ನು ನೋಡಿರುವುದಿಲ್ಲ. ಚಮಚದಿಂದ ಅದನ್ನು ಆಗಾಗ ಎತ್ತಿಬಿಡಿ.

ನಿಮ್ಮ ಅಡುಗೆಮನೆಗೆ ಸರಿಯಾದ ಹೊತ್ತನ್ನು ನೀವೇ ಕಂಡುಕೊಳ್ಳುವುದು ಹೀಗೆ. ಒಂದೇ ಸಲಕ್ಕೆ, ಒಂದೇ ದಪ್ಪದ ಮೂರು ಜಿಲೇಬಿ ಬಿಡಿ. ಮೂರನ್ನೂ ಒಂದೇ ಹದಕ್ಕೆ ಕರಿದು ಒಟ್ಟಿಗೆ ಪಾಕಕ್ಕೆ ಹಾಕಿ, ಅರ್ಧ ಹೊತ್ತಿಗೆ ಒಮ್ಮೆ ಮಗ್ಗುಲು ಬದಲಿಸಿ. ಮೊದಲನೆಯದನ್ನು 15 ಸೆಕೆಂಡಿಗೆ, ಎರಡನೆಯದನ್ನು 25ಕ್ಕೆ, ಮೂರನೆಯದನ್ನು 40ಕ್ಕೆ ತೆಗೆದು ತಂತಿಜಾಲರಿಯ ಮೇಲೆ ಬೇರೆಬೇರೆ ಇಡಿ. ಕೂಡಲೇ ಮುರಿಯಬೇಡಿ, ಐದು ನಿಮಿಷ ಬಿಡಿ. ನಾಲ್ಕು ಮಿಲಿಮೀಟರ್ ಎಳೆಯಾದರೆ ಮೊದಲನೆಯದು ಚೆನ್ನಾಗಿ ಮುರಿದರೂ ಕೊಳವೆಯಲ್ಲಿ ಅಲ್ಲಲ್ಲಿ ಒಣಜಾಗ ಕಾಣುವುದು ಸಾಮಾನ್ಯ. ಎರಡನೆಯದನ್ನು ಮುರಿದಾಗ ತುದಿಯಲ್ಲಿ ರಸ ಮಣಿಯಂತೆ ಮೂಡಿ ನಿಲ್ಲಬೇಕು, ಗೋಡೆ ಮಾತ್ರ ಹಳದಿಯಾಗಿ, ಒಣಗಿದಂತೆ, ಅಂಚು ಚೂಪಾಗಿ ಒಡೆದಿರಬೇಕು. ಮೂರನೆಯದರಲ್ಲಿ ಗೋಡೆ ಗಾಜಿನ ಹಾಗೆ ಪಾರದರ್ಶಕವಾಗಿದ್ದು, ಮುರಿಯುವ ಬದಲು ಎಳೆದುಕೊಂಡು ಕಿತ್ತರೆ 40 ಸೆಕೆಂಡು ನಿಮಗೆ ಹೆಚ್ಚು. ನಿಮ್ಮದರಲ್ಲಿ ಮೂರನೆಯದೂ ಚಟ್ಟನೆ ಒಡೆದರೆ ನೀವು ಚೆನ್ನಾಗಿ ಕರಿದಿದ್ದೀರಿ, 30ರಿಂದ 35ರವರೆಗೆ ಇಡಬಹುದು. 25ರದ್ದೇ ಮೆತ್ತಗಾದರೆ ಹೊತ್ತು ಕಡಿಮೆ ಮಾಡುವ ಮೊದಲು ಪಾಕದ ಎಳೆ ನೋಡಿ, ಅದು ಸರಿಯಿದ್ದರೆ ಕರಿಯುವ ಹೊತ್ತನ್ನು ಅರ್ಧ ನಿಮಿಷ ಹೆಚ್ಚಿಸಿ. ತೂತು ಮೂರು ಮಿಲಿಮೀಟರಿಗೆ ಇಳಿಸಿದರೆ ಪಾಕದ ಹೊತ್ತೂ 15ರಿಂದ 20 ಸೆಕೆಂಡಿಗೆ ಇಳಿಯುತ್ತದೆ, ಐದಾರು ಮಿಲಿಮೀಟರ್ ಎಳೆಯಾದರೆ 45 ಸೆಕೆಂಡಿನಿಂದ ಒಂದು ನಿಮಿಷ ಹಿಡಿಯಬಹುದು.

ತೆಗೆದ ಜಿಲೇಬಿಯನ್ನು ಒಂದರ ಮೇಲೊಂದು ಪೇರಿಸಬೇಡಿ, ಮುಚ್ಚಲೂ ಬೇಡಿ. ಕೆಳಗಿನವುಗಳ ಬಿಸಿ ಆವಿ ಮೇಲಿನವುಗಳಿಗೆ ತಾಗಿ ಎಲ್ಲವೂ ಮೆತ್ತಗಾಗುತ್ತವೆ. ಸರಿಯಾಗಿ ಆದ ಜಿಲೇಬಿ ಒಣ ಹವೆಯಲ್ಲಿ ಒಂದೆರಡು ಗಂಟೆ ಗರಿ ಉಳಿಸಿಕೊಳ್ಳುತ್ತದೆ, ಮಳೆಗಾಲದ ತೇವದಲ್ಲಿ ಅಷ್ಟು ನಿರೀಕ್ಷಿಸಬೇಡಿ. ರಸ ಹಿಡಿದಮೇಲೆ ಮೆತ್ತಗಾದದ್ದನ್ನು ಮತ್ತೆ ಗರಿ ಮಾಡುವ ಉಪಾಯ ಇಲ್ಲ. ನೆಂಟರು ತಡವಾಗಿ ಬರುವುದಿದ್ದರೆ ಪೂರ್ತಿ ಕರಿದು, ಪಾಕಕ್ಕೆ ಹಾಕದೆ ಆರಿಸಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಬಡಿಸುವ ಮುಂಚೆ 150 ಡಿಗ್ರಿ ಓವನ್‌ನಲ್ಲಿ ನಾಲ್ಕೈದು ನಿಮಿಷ ಬಿಸಿಮಾಡಿ ಬೆಚ್ಚಗಿನ ಪಾಕಕ್ಕೆ ಹಾಕಿ. ಹೊಸದಾಗಿ ಕರಿದದ್ದರಷ್ಟು ಬಿಸಿ ಇಲ್ಲದ್ದರಿಂದ ಎಳೆತ ಸ್ವಲ್ಪ ಕಡಿಮೆ, ಹತ್ತು ಸೆಕೆಂಡು ಹೆಚ್ಚು ಕೊಡಿ.

ಒಂದು ವಿಷಯ ಬಿಟ್ಟುಹೋಗಿತ್ತು. ಬಿಸಿನೀರಿನ ಮೇಲೆ ಕೂತ ಪಾಕ ಗಂಟೆ ಹೊತ್ತಿನಲ್ಲಿ ನೀರು ಕಳೆದುಕೊಂಡು ದಪ್ಪವಾಗುತ್ತಾ ಬರುತ್ತದೆ. ಜಿಲೇಬಿಯಿಂದ ಇಳಿಯುವ ರಸ ತೊಟ್ಟಿಕ್ಕದೆ ದಾರದಂತೆ ಜೋತುಬಿದ್ದರೆ ಎರಡು ಚಮಚ ಬಿಸಿನೀರು ಸೇರಿಸಿ ಕಲಕಿ, ಮತ್ತೆ ಎಳೆ ನೋಡಿಕೊಂಡು ಮುಂದಿನದನ್ನು ಹಾಕಿ.